ಅಸಿಟಿಲೀನ್‌ನ ರಚನಾ ಎಂಥಾಲ್ಪಿಯನ್ನು ನಾನು ಲೆಕ್ಕ ಹಾಕಿದ ಬಗೆ

ಗ್ರಾಫೈಟ್ ಮತ್ತು ಹೈಡ್ರೋಜನ್‌ಗಳಿಂದ ಒಂದು ಮೋಲ್ ಅಸಿಟಿಲೀನ್ ಉಂಟಾಗುವಾಗ ಎಂಥಾಲ್ಪಿ ಎಷ್ಟು ಬದಲಾಗುತ್ತದೆ ಎಂಬುದು ನನ್ನ ಮುಂದಿದ್ದ ಲೆಕ್ಕ. ಸಾಮಾನ್ಯ ಉಷ್ಣತೆಯಲ್ಲಿ ಈ ಕ್ರಿಯೆ ನಡೆಯುವುದೇ ಇಲ್ಲವಾದ್ದರಿಂದ ಇದನ್ನು ಕ್ಯಾಲೊರಿಮೀಟರಿನಲ್ಲಿ ನೇರವಾಗಿ ಅಳೆಯಲಾಗದು. ಆದರೆ ಗ್ರಾಫೈಟ್, ಹೈಡ್ರೋಜನ್, ಅಸಿಟಿಲೀನ್ ಮೂರೂ ಆಕ್ಸಿಜನ್‌ನಲ್ಲಿ ಪೂರ್ಣವಾಗಿ ಉರಿಯುತ್ತವೆ, ಆ ದಹನದ ಉಷ್ಣವನ್ನು ಅಳೆಯಬಹುದು. ಎಂಥಾಲ್ಪಿಯ ಬದಲಾವಣೆ ಮೊದಲ ಮತ್ತು ಕೊನೆಯ ಸ್ಥಿತಿಗಳನ್ನಷ್ಟೇ ಅವಲಂಬಿಸುತ್ತದೆ, ನಡುವಿನ ದಾರಿಯನ್ನಲ್ಲ ಎಂದು 1840ರಲ್ಲಿ ಹೆಸ್ ಮಂಡಿಸಿದ ನಿಯಮವೇ ಇಲ್ಲಿ ನನಗೆ ಆಧಾರ.

ದತ್ತ ಸಮೀಕರಣಗಳು 25 ಡಿಗ್ರಿ ಸೆಲ್ಸಿಯಸ್‌ಗೆ ಸಂಬಂಧಿಸಿದವು:

```
(1) C + O₂ → CO₂               ΔH = −393.5 kJ
(2) H₂ + ½O₂ → H₂O(l)          ΔH = −285.8 kJ
(3) C₂H₂ + 5/2 O₂ → 2CO₂ + H₂O(l)   ΔH = −1299.6 kJ
```

ಅಂಕಿಗಳನ್ನು ಮುಟ್ಟುವ ಮೊದಲು ನಾನು ಗುರಿ ಸಮೀಕರಣವನ್ನು ಬರೆದುಕೊಂಡೆ:

```
2C + H₂ → C₂H₂
```

ಇದರಲ್ಲಿನ ಪ್ರತಿ ವಸ್ತುವೂ ದತ್ತ ಸಮೀಕರಣಗಳಲ್ಲಿ ಒಂದೊಂದರಲ್ಲಿ ಮಾತ್ರ ಬರುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆಯೇ. ಎಡಗಡೆ ಎರಡು ಕಾರ್ಬನ್ ಬೇಕು, ಆದ್ದರಿಂದ (1)ನ್ನು ಎರಡರಿಂದ ಗುಣಿಸಿದೆ; ಹೈಡ್ರೋಜನ್ ಒಂದೇ ಬೇಕು, ಆದ್ದರಿಂದ (2)ನ್ನು ಹಾಗೆಯೇ ಇಟ್ಟುಕೊಂಡೆ; ಅಸಿಟಿಲೀನ್ ಬಲಗಡೆ ಬರಬೇಕಾದ್ದರಿಂದ (3)ನ್ನು ತಿರುಗಿಸಿ, ಅದರ ಎಂಥಾಲ್ಪಿಯ ಚಿಹ್ನೆಯನ್ನೂ ಬದಲಿಸಿದೆ. ಕೂಡಿಸುವ ಮುನ್ನ ಆಕ್ಸಿಜನ್‌ನ ಲೆಕ್ಕ ನೋಡಿದೆ: ಎಡಗಡೆ ಎರಡು ಮತ್ತು ಅರ್ಧ, ಬಲಗಡೆಯೂ ಎರಡೂವರೆ. ಎರಡು ಕಾರ್ಬನ್ ಡೈಆಕ್ಸೈಡ್ ಮತ್ತು ಒಂದು ನೀರು ಕೂಡ ಪೂರ್ತಿ ಹೊಡೆದುಹೋದವು. ಗುರಿ ಸಮೀಕರಣದಲ್ಲಿ ಇಲ್ಲದ ವಸ್ತುವೊಂದು ಇಲ್ಲಿ ಉಳಿದುಕೊಂಡಿದ್ದರೆ ಗುಣಕವೊಂದು ತಪ್ಪಿದೆ ಎಂದೇ ಅರ್ಥ, ಆಗ ಅಂಕಿಗಳನ್ನು ಕೂಡಿಸಿ ಪ್ರಯೋಜನವಿಲ್ಲ.

```
ΔH = 2(−393.5) + (−285.8) + 1299.6 = +226.8 kJ
```

ಉತ್ತರ ಧನಾತ್ಮಕ, ಅಂದರೆ ಕ್ರಿಯೆ ಅಂತರುಷ್ಣಕ. ಅಸಿಟಿಲೀನ್ ತನ್ನ ಮೂಲವಸ್ತುಗಳಿಗಿಂತ ಹೆಚ್ಚು ಶಕ್ತಿ ಹೊಂದಿದೆ. ಒತ್ತಡಕ್ಕೆ ಒಳಪಡಿಸಿದಾಗ ಅದು ಆಕ್ಸಿಜನ್ ಇಲ್ಲದೆಯೂ ಸ್ಫೋಟಕವಾಗಿ ವಿಭಜನೆಯಾಗಬಲ್ಲದು ಎಂಬ ಸಂಗತಿಗೆ ಈ ಚಿಹ್ನೆ ಸರಿಯಾಗಿ ಹೊಂದುತ್ತದೆ.

ನೀರಿನ ಸ್ಥಿತಿಯನ್ನು ನಾನು ಪ್ರತ್ಯೇಕವಾಗಿ ಪರಿಶೀಲಿಸುತ್ತೇನೆ. (2)ರಲ್ಲಿ ದ್ರವದ ಬದಲು ಆವಿಯ ಬೆಲೆಯಾದ −241.8 ಬಳಸಿ, (3)ರಲ್ಲಿ ದ್ರವವನ್ನೇ ಉಳಿಸಿಕೊಂಡರೆ ಉತ್ತರ 270.8 ಆಗುತ್ತದೆ. ಈ 44 ಕಿಲೋಜೂಲ್ ವ್ಯತ್ಯಾಸ ನೀರಿನ ಬಾಷ್ಪೀಕರಣದ್ದು. ಸಮೀಕರಣದಲ್ಲಿ ಸ್ಥಿತಿಯ ಗುರುತು ಬರೆಯದಿದ್ದರೆ ನೀರು ಹೊಡೆದುಹೋದಂತೆ ಕಾಣುವುದರಿಂದ ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲ.

ಈ ವಿಧಾನಕ್ಕೆ ಒಂದು ಮಿತಿಯಿದೆ. ಇಲ್ಲಿ ದೊಡ್ಡ ಸಂಖ್ಯೆಗಳ ನಡುವಿನ ಸಣ್ಣ ಅಂತರವೇ ಉತ್ತರ. ಅಸಿಟಿಲೀನ್‌ನ ದಹನವನ್ನು ಅಳೆಯುವಾಗ ಶೇಕಡಾ 1ರಷ್ಟು, ಅಂದರೆ ಸುಮಾರು 13 ಕಿಲೋಜೂಲ್ ತಪ್ಪಾದರೂ ಉತ್ತರದಲ್ಲಿ ಅದು ಸುಮಾರು ಶೇಕಡಾ 6ರ ತಪ್ಪಾಗುತ್ತದೆ. ಆದ್ದರಿಂದ ದಹನದ ಬೆಲೆಗಳನ್ನು ಕೊನೆಯವರೆಗೂ ದುಂಡಾಗಿಸದೆ, ಕೊಟ್ಟಷ್ಟೇ ನಿಖರತೆಯಲ್ಲಿ ಇಟ್ಟುಕೊಂಡು ಕೂಡಿಸುತ್ತೇನೆ.