ಮುನ್ನೂರರ ಮಿತಿ ಹತ್ತಿರವಾದಾಗ ರಜೆ ಅರ್ಜಿಯನ್ನು ಯಾವಾಗ ಹಾಕಬೇಕು: ನನ್ನ ಅನುಭವ

ಕಲಬುರಗಿಯ ಕೇಂದ್ರ ಸರ್ಕಾರಿ ಕಚೇರಿಯೊಂದರ ಸಿಬ್ಬಂದಿ ಶಾಖೆಯಲ್ಲಿ ರಜೆ ಲೆಕ್ಕ ನೋಡಿಕೊಳ್ಳುವ ನನ್ನ ಬಳಿಗೆ ಡಿಸೆಂಬರ್ ಬಂತೆಂದರೆ ಒಂದೇ ಪ್ರಶ್ನೆ ಬರುತ್ತದೆ: ಈ ವರ್ಷ ನನ್ನ ರಜೆ ಎಷ್ಟು ಹೋಗುತ್ತದೆ? ಸಾಂದರ್ಭಿಕ ರಜೆಯ ಮಟ್ಟಿಗೆ ಉತ್ತರ ಸರಳ. ವರ್ಷಕ್ಕೆ 8 ದಿನ ಸಿಗುತ್ತದೆ, ಉಳಿದದ್ದು ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ಮುಂದಿನ ವರ್ಷಕ್ಕೆ ಒಂದು ದಿನವೂ ಹೋಗುವುದಿಲ್ಲ. ಗಳಿಕೆ ರಜೆಯ ಲೆಕ್ಕ ಹಾಗಲ್ಲ, ಮತ್ತು ಹಿರಿಯ ನೌಕರರು ನಷ್ಟ ಅನುಭವಿಸುವುದು ಅಲ್ಲಿಯೇ.

ಗಳಿಕೆ ರಜೆ ಜನವರಿ 1 ಮತ್ತು ಜುಲೈ 1ರಂದು 15 ದಿನಗಳಂತೆ ಮುಂಗಡವಾಗಿ ಜಮೆಯಾಗುತ್ತದೆ. ಒಟ್ಟು ಉಳಿಕೆ 300 ದಿನ ಮೀರುವಂತಿಲ್ಲ. ಆದರೆ ಜೂನ್ ಅಥವಾ ಡಿಸೆಂಬರ್ ಕೊನೆಯ ದಿನ ಉಳಿಕೆ 285ಕ್ಕಿಂತ ಹೆಚ್ಚಿದ್ದರೆ ಹೊಸ 15 ದಿನಗಳನ್ನು ಮೂಲ ಉಳಿಕೆಗೆ ಸೇರಿಸದೆ ಪ್ರತ್ಯೇಕವಾಗಿ ಇಡಬೇಕು. ಆ ಅರ್ಧ ವರ್ಷದಲ್ಲಿ ತೆಗೆದುಕೊಂಡ ಗಳಿಕೆ ರಜೆಯನ್ನು ಮೊದಲು ಆ 15ರಿಂದ ಕಳೆಯಬೇಕು. ಮಿಕ್ಕದ್ದನ್ನು ಅರ್ಧ ವರ್ಷದ ಕೊನೆಗೆ 300ರ ಮಿತಿಗೆ ಒಳಪಟ್ಟು ಸೇರಿಸಬೇಕು. ಅಂದರೆ ರಜೆ ಲೋಪವಾಗುವ ದಿನ ವರ್ಷಕ್ಕೆ ಒಂದಲ್ಲ, ಎರಡು. ಜೂನ್ 30 ಅನ್ನು ನೆನಪಿಡುವವರು ಮಾತ್ರ ಕಡಿಮೆ.

2024ರಲ್ಲಿ ನಮ್ಮ ಕಚೇರಿಯ ಆಳಂದ ಕಡೆಯ ಹಿರಿಯ ಸಹೋದ್ಯೋಗಿಯೊಬ್ಬರ ಲೆಕ್ಕವನ್ನು ನಾನೇ ಮಾಡಿದೆ. ಜೂನ್ 30ಕ್ಕೆ ಅವರ ಉಳಿಕೆ 291. ಜುಲೈ 1ರ 15 ಪ್ರತ್ಯೇಕವಾಗಿತ್ತು. ನವೆಂಬರ್‌ವರೆಗೆ ಅವರು ಗಳಿಕೆ ರಜೆ ಮುಟ್ಟಿರಲಿಲ್ಲ. ಊರಿನ ಮನೆಯ ಕೆಲಸಕ್ಕೆ ಜನವರಿ 6ರಿಂದ 17ರವರೆಗೆ 12 ದಿನ, ಮತ್ತೆ ಮೇ ತಿಂಗಳಲ್ಲಿ 10 ದಿನ ಬೇಕು ಎಂದರು. ಮೊದಲ ರಜೆಯನ್ನು ಡಿಸೆಂಬರ್ 23ಕ್ಕೆ ಹಿಂದೆ ತರಲು ನಾನು ಹೇಳಿದಾಗ ಅವರು ಕೇಳಿದ್ದು: “ಯಾವಾಗ ತಗೊಂಡ್ರೇನ್ರಿ ಸರ್, ಹನ್ನೆರಡು ದಿನ ಹನ್ನೆರಡೇ ಅಲ್ಲೇನ್ರಿ?”

ಅವರ ಮೂಲ ಯೋಜನೆಯಂತೆ ಡಿಸೆಂಬರ್ 31ಕ್ಕೆ 291 ಮತ್ತು 15 ಸೇರಿ 306 ಆಗಿ, 6 ದಿನ ಲೋಪವಾಗಿ 300 ಉಳಿಯುತ್ತಿತ್ತು. ಜನವರಿಯ 12 ದಿನ ಹೊಸ 15ರಲ್ಲಿ ಕಳೆದು 3 ಉಳಿಯುತ್ತಿತ್ತು. ಮೇ ತಿಂಗಳ 10 ದಿನಗಳಲ್ಲಿ ಆ 3 ತೀರಿ, ಬಾಕಿ 7 ಮೂಲ ಉಳಿಕೆಯಿಂದ ಹೋಗಿ ಜೂನ್ 30ಕ್ಕೆ 293 ಆಗುತ್ತಿತ್ತು. ಡಿಸೆಂಬರ್ 23ರಿಂದ ಜನವರಿ 3ರವರೆಗೆ ರಜೆ ಹಾಕಿದರೆ ಅದೇ 12 ದಿನಗಳಲ್ಲಿ 9 ಹಳೆಯ ಅರ್ಧ ವರ್ಷಕ್ಕೆ, 3 ಹೊಸದಕ್ಕೆ ಬೀಳುತ್ತವೆ. ಆಗ ವರ್ಷದ ಕೊನೆಗೆ 291 ಮತ್ತು ಉಳಿದ 6 ಸೇರಿ 297, ಲೋಪ ಸೊನ್ನೆ. ಹೊಸ 15ರಲ್ಲಿ ಜನವರಿಯ 3 ಮತ್ತು ಮೇ ತಿಂಗಳ 10 ಹೋಗಿ 2 ಉಳಿದು, ಜೂನ್ 30ಕ್ಕೆ 299. ನಿವೃತ್ತಿಯಲ್ಲಿ 300 ದಿನಗಳವರೆಗೆ ನಗದೀಕರಣವಿರುವಾಗ ಈ 6 ದಿನಗಳನ್ನು ಸುಮ್ಮನೆ ಬಿಡಬಾರದೆಂಬುದು ನನ್ನ ದೃಢ ಅಭಿಪ್ರಾಯ. ಆ ವರ್ಷ ಎಳ್ಳಮಾವಾಸ್ಯೆ ಡಿಸೆಂಬರ್ 30ಕ್ಕೆ ಬಿದ್ದಿದ್ದರಿಂದ, ಹೊಲಕ್ಕೆ ಹೋಗಿ ಚರಗ ಚೆಲ್ಲಲು ಅವರಿಗೆ ಬೇರೆ ಸಾಂದರ್ಭಿಕ ರಜೆಯೂ ಬೇಕಾಗಲಿಲ್ಲ.

ಇಲ್ಲಿ ಒಂದು ಷರತ್ತನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಮೇ ತಿಂಗಳ ರಜೆ ಅವರಿಗೆ ಬೇಕಿಲ್ಲದಿದ್ದರೆ ಎರಡೂ ದಾರಿಗಳು ಜೂನ್ 30ಕ್ಕೆ 300ರಲ್ಲೇ ನಿಲ್ಲುತ್ತಿದ್ದವು: ಒಂದರಲ್ಲಿ ಡಿಸೆಂಬರ್‌ನಲ್ಲಿ 6, ಜೂನ್‌ನಲ್ಲಿ 3 ಲೋಪ, ಇನ್ನೊಂದರಲ್ಲಿ ಜೂನ್‌ನಲ್ಲಿ ಒಟ್ಟಿಗೆ 9. ಹಾಗಾಗಿ ಡಿಸೆಂಬರ್‌ನ ಲೋಪವನ್ನಷ್ಟೇ ನೋಡಿ ಅವಸರದಿಂದ ರಜೆ ಹಾಕುವುದರಲ್ಲಿ ಅರ್ಥವಿಲ್ಲ. ಮುಂದಿನ ಆರು ತಿಂಗಳ ಅಗತ್ಯವನ್ನೂ ಬರೆದುಕೊಂಡೇ ದಿನ ಗೊತ್ತುಮಾಡಬೇಕು.

ದಿನ ಗೊತ್ತುಮಾಡುವಾಗ ಗಳಿಕೆ ರಜೆಯ ನಡುವೆ ಬರುವ ಶನಿವಾರ, ಭಾನುವಾರ ಮತ್ತು ಹಬ್ಬದ ರಜೆಗಳೂ ಎಣಿಕೆಗೆ ಬರುತ್ತವೆ ಎಂಬುದನ್ನು ಮರೆಯಬಾರದು. ಮೊದಲಿಗೆ ಮತ್ತು ಕೊನೆಗೆ ಇರುವ ರಜಾದಿನಗಳನ್ನು ಮಾತ್ರ ಎಣಿಕೆಯಿಲ್ಲದೆ ಸೇರಿಸಿಕೊಳ್ಳಬಹುದು. ನಮ್ಮದು ವಾರಕ್ಕೆ ಐದು ದಿನದ ಕಚೇರಿಯಾದ್ದರಿಂದ ಸೋಮವಾರ ಆರಂಭಿಸಿ ಶುಕ್ರವಾರ ಮುಗಿಸಿದ ಅವರಿಗೆ ಎರಡೂ ತುದಿಗಳಲ್ಲಿ ಎರಡೆರಡು ದಿನ ಸಿಕ್ಕವು. ಉಳಿದ ಸಾಂದರ್ಭಿಕ ರಜೆಯನ್ನು ಮುಗಿಸಲೆಂದು ಅದನ್ನು ಗಳಿಕೆ ರಜೆಗೆ ಅಂಟಿಸಲು ಬರುವುದಿಲ್ಲ. ಅರ್ಜಿಯನ್ನಂತೂ ನವೆಂಬರ್‌ನಲ್ಲೇ ಕೊಡಿಸಿದೆ, ಏಕೆಂದರೆ ವರ್ಷಾಂತ್ಯದಲ್ಲಿ ಎಲ್ಲರೂ ಒಟ್ಟಿಗೆ ಕೇಳಿದಾಗ ಮಂಜೂರು ಮಾಡುವವರು ಕಚೇರಿ ಕೆಲಸದ ಕಾರಣ ಕೊಟ್ಟು ನಿರಾಕರಿಸಬಹುದು.

ಕೊನೆಯದಾಗಿ ರಜೆ ಲೆಕ್ಕದ ಪುಟವನ್ನು ಸ್ವತಃ ನೋಡಬೇಕು. ಜುಲೈ 1ರ ಸಾಲಿನಲ್ಲಿ 291+15 ಎಂದು ಇರಬೇಕಾದ ಕಡೆ ನೇರವಾಗಿ 300 ಎಂದು ಬರೆದಿದ್ದರೆ, 6 ದಿನಗಳು ಅರ್ಧ ವರ್ಷ ಮುಗಿಯುವ ಬದಲು ಆರಂಭದ ದಿನವೇ ಹೋಗಿರುತ್ತವೆ. ಅಂಥ ನಮೂದು ಕಂಡರೆ ಆ ಅರ್ಧ ವರ್ಷದಲ್ಲಿ ಪಡೆದ ರಜೆಯ ಮಂಜೂರಾತಿ ಆದೇಶಗಳನ್ನು ಲಗತ್ತಿಸಿ, ಸಾಲನ್ನು ತಿದ್ದಿ ಮುಂದಿನ ಉಳಿಕೆಗಳನ್ನೂ ಸರಿಪಡಿಸುವಂತೆ ಲಿಖಿತವಾಗಿ ಕೇಳಬೇಕು.