ಮದುವೆ ವೇದಿಕೆಯ ಮೇಲೆ ಸಿಗುವ ಅರ್ಧ ನಿಮಿಷ

ಉಡುಪಿಯ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರ್ ಆಗಿದ್ದು ನಿವೃತ್ತಳಾದವಳು ನಾನು. ಹಳೆಯ ವಿದ್ಯಾರ್ಥಿಗಳ, ಸಹೋದ್ಯೋಗಿಗಳ ಮಕ್ಕಳ ಮತ್ತು ನೆರೆಕರೆಯವರ ಮದುವೆಗಳಿಗೆಂದು ಮಂಗಳೂರಿನಿಂದ ಕುಂದಾಪುರದವರೆಗಿನ ಹಾಲ್‌ಗಳನ್ನು ಸುತ್ತುವುದು ಈಗಲೂ ನಡೆದೇ ಇದೆ. ಭಾಷೆ ಕಲಿಸಿದವಳಿಗೆ ಶುಭಾಶಯ ಹೇಳುವುದನ್ನು ಹೊಸದಾಗಿ ಕಲಿಯಬೇಕಾದೀತೆಂದು ನಾನು ಎಣಿಸಿರಲಿಲ್ಲ. ಒಮ್ಮೆ ವೇದಿಕೆಯಲ್ಲಿ ವಧುವಿನ ತಂದೆಯ ಕೈ ಹಿಡಿದು, ‘ಅಂತೂ ನಿಮ್ಮ ಭಾರ ಇಳಿಯಿತಲ್ಲ’ ಎಂದುಬಿಟ್ಟೆ. ಅವರು ನಕ್ಕರು. ಪಕ್ಕದಲ್ಲಿದ್ದ ಹುಡುಗಿ ನನ್ನದೇ ವಿದ್ಯಾರ್ಥಿನಿ, ಕೆಲಸಕ್ಕೆ ಸೇರಿದಂದಿನಿಂದ ಮನೆಯ ಸಾಲ ತೀರಿಸಿದವಳು. ಅವಳು ನನ್ನ ಮುಖವನ್ನೊಮ್ಮೆ ನೋಡಿ ಕ್ಯಾಮೆರಾದ ಕಡೆ ತಿರುಗಿದಳು. ಆ ನೋಟದ ನಂತರವೇ ನಾನು ಮದುವೆಗೆ ಹೊರಡುವ ಮುಂಚೆ ಮಾತುಗಳನ್ನು ಮನಸ್ಸಿನಲ್ಲಿ ಒಮ್ಮೆ ಜೋಡಿಸಿಕೊಳ್ಳಲು ತೊಡಗಿದ್ದು.

ನಮ್ಮ ಕಡೆಯ ಮದುವೆಗಳಲ್ಲಿ ಹೆಚ್ಚಿನವು ಹಗಲಿನವು. ಧಾರೆ ಮುಗಿದು ಸೇಸೆ ಹಾಕುವುದಾದ ಮೇಲೆ ವೇದಿಕೆಯ ಮೆಟ್ಟಿಲಿನಿಂದ ಊಟದ ಹಾಲ್‌ನ ಬಾಗಿಲಿನವರೆಗೂ ಸಾಲು ಬೆಳೆದಿರುತ್ತದೆ, ಮತ್ತು ಒಬ್ಬೊಬ್ಬರಿಗೆ ದೊರೆಯುವುದು ಹೆಚ್ಚೆಂದರೆ ಅರ್ಧ ನಿಮಿಷ. ಅದರಲ್ಲಿಯೂ ಫೋಟೋ ತೆಗೆಯುವವನ ‘ಮೇಡಂ, ಇಲ್ಲಿ ನೋಡಿ’ ಎಂಬುದಕ್ಕೆ ಒಂದಿಷ್ಟು ಹೋಗುತ್ತದೆ. ಅಷ್ಟರಲ್ಲಿ ವರನಿಗೆ ನಮ್ಮ ಗುರ್ತ ಹತ್ತದಿದ್ದರೆ ಅವನ ತಪ್ಪಲ್ಲ. ‘ಗುರ್ತ ಸಿಕ್ಕಿತಾ?’ ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಬೆಳಿಗ್ಗೆಯಿಂದ ಹೊಗೆಯ ಮುಂದೆ ಕುಳಿತು ಎದ್ದವನನ್ನು ಪರೀಕ್ಷೆಗೆ ಕೂರಿಸಿದಂತಾಗುತ್ತದೆ. ಗೊತ್ತಿಲ್ಲದೆ ಅವನು ‘ಹೌದು ಹೌದು’ ಎಂದರೆ ಇಬ್ಬರಿಗೂ ಮುಜುಗರ. ‘ನಾನು ನಿನ್ನ ಹೆಂಡತಿಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು, ನಿಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ತುಂಬಾ ಖುಷಿ ಆಯಿತು’ ಎಂದು ನಾನೇ ಹೇಳಿಬಿಟ್ಟರೆ ಪರಿಚಯವೂ ಶುಭಾಶಯವೂ ಒಂದೇ ಉಸಿರಿನಲ್ಲಿ ಮುಗಿಯುತ್ತವೆ.

ಇತ್ತೀಚೆಗೆ ಹೋದ ಒಂದು ಮದುವೆಯನ್ನೇ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅಲ್ಲಿ ಎಚ್ಚರ ತಪ್ಪಬಹುದಾದ ಸಂಗತಿಗಳು ಹಲವಿದ್ದವು. ತುಳು ಮನೆಮಾತಿನ ಕುಟುಂಬ. ವಧು ನನ್ನ ವಿದ್ಯಾರ್ಥಿನಿ, ಅವಳ ತಂದೆ ಎರಡು ವರ್ಷಗಳ ಹಿಂದೆ ತೀರಿಕೊಂಡಿದ್ದರು, ಅಕ್ಕನಿಗೆ ಮದುವೆಯಾಗಿರಲಿಲ್ಲ. ವೇದಿಕೆಯ ಮೇಲೆ ಮದುಮಕ್ಕಳ ಒಂದು ಪಕ್ಕದಲ್ಲಿ ವರನ ತಂದೆತಾಯಿ, ಇನ್ನೊಂದು ಪಕ್ಕದಲ್ಲಿ ವಧುವಿನ ತಾಯಿ, ಅಕ್ಕ ಮತ್ತು ಸೋದರಮಾವ ನಿಂತಿದ್ದರು.

ನನ್ನ ಮುಂದಿದ್ದ ಹಿರಿಯರೊಬ್ಬರು ವಧುವಿನ ತಲೆಯ ಮೇಲೆ ಕೈಯಿಟ್ಟು ‘ದೀರ್ಘಸುಮಂಗಲೀ ಭವ’ ಎಂದು ಎಲ್ಲರಿಗೂ ಕೇಳುವಂತೆ ಹರಸಿದರು. ಅವರ ಮನಸ್ಸಿನಲ್ಲಿ ಇದ್ದದ್ದು ಪ್ರೀತಿಯೇ. ಆದರೆ ಬಿಡಿಸಿ ನೋಡಿದರೆ ಆ ಮಾತು ಹೆಣ್ಣಿಗೆ ಕೇಳುವುದು ಅವಳ ಆಯುಷ್ಯವನ್ನಲ್ಲ, ಗಂಡ ಬದುಕಿರುವಷ್ಟು ಕಾಲ ಅವಳಿಗೆ ದೊರೆಯುವ ಸ್ಥಾನವನ್ನು. ಮತ್ತು ಆ ಸ್ಥಾನವನ್ನು ಕಳೆದುಕೊಂಡ ತಾಯಿ ಒಂದು ಮಾರು ದೂರದಲ್ಲಿ ನಿಂತಿದ್ದಾರೆ. ಪುರೋಹಿತರು ವಿಧಿಯ ನಡುವೆ ಮಂತ್ರವಾಗಿ ಹೇಳಿದ್ದು ಬೇರೆ, ಅದು ವಾದ್ಯದ ಸದ್ದಿನಲ್ಲಿ ಸೇರಿಹೋಗುತ್ತದೆ. ಅತಿಥಿಯೊಬ್ಬರು ಎದುರು ನಿಂತು ಆರಿಸಿಕೊಂಡು ಹೇಳಿದ್ದು ಬೇರೆ. ‘ಮುತ್ತೈದೆಯಾಗಿ ಬಾಳು’ ಎಂಬುದಕ್ಕೂ ಇದೇ ತೊಡಕು. ನಾನು ಇಬ್ಬರಿಗೂ ಸಲ್ಲುವ ಮಾತನ್ನು ಹಿಡಿಯುತ್ತೇನೆ: ‘ಇಬ್ಬರೂ ನೂರು ಕಾಲ ಚೆನ್ನಾಗಿರಿ.’ ಅಂದು ತುಳುವಿನಲ್ಲಿ ‘ಎಡ್ಡೆ ಆವಡ್’ ಎಂದೂ ಸೇರಿಸಿದೆ. ಒಳ್ಳೆಯದಾಗಲಿ ಎಂಬ ಆ ಎರಡು ಪದಗಳು ಯಾರನ್ನೂ ಬಿಟ್ಟು ಹೋಗುವುದಿಲ್ಲ, ಯಾರನ್ನೂ ಬೆರಳು ಮಾಡಿ ತೋರಿಸುವುದೂ ಇಲ್ಲ.

ಶುಭಾಶಯ ಎನ್ನಬೇಕೋ ಅಭಿನಂದನೆ ಎನ್ನಬೇಕೋ ಎಂದು ಕೆಲವರು ನನ್ನನ್ನು ಕೇಳುವುದುಂಟು. ಅಭಿನಂದನೆ ಆದ ಕೆಲಸಕ್ಕೆ, ಶುಭಾಶಯ ಆಗಬೇಕಾದ ಒಳಿತಿಗೆ. ಮದುಮಕ್ಕಳಿಗೆ ಶುಭಾಶಯ ಹೊಂದುತ್ತದೆ. ಮದುವೆಯನ್ನು ಹೊತ್ತು ನಡೆಸಿದವರಿಗೆ ಅಭಿನಂದನೆಯೇ ಸರಿ. ವೇದಿಕೆಯ ಮೇಲೆ ಮಾತ್ರ ‘ಖುಷಿ ಆಯಿತು’ ಎಂಬುದು ಎರಡಕ್ಕಿಂತಲೂ ಹತ್ತಿರದ ಮಾತೆಂದು ನನ್ನ ಅನಿಸಿಕೆ.

ವರನ ತಂದೆತಾಯಿಗೆ ‘ಒಳ್ಳೆಯ ಸೊಸೆ ಸಿಕ್ಕಿದಳು’ ಎಂದರೆ ಸಾಕೆಂದು ತೋರುತ್ತದೆ, ಆದರೆ ಅಳೆದು ಕೊಂಡ ವಸ್ತುವಿನ ವಾಸನೆ ಅದರಲ್ಲಿ ಸ್ವಲ್ಪ ಇದೆ. ‘ಎರಡು ಮನೆಯವರೂ ಸೇರಿ ಚಂದ ಮಾಡಿ ನಡೆಸಿದಿರಿ’ ಎಂದೆ. ಇನ್ನು ‘ಹೆಣ್ಣು ಕೊಟ್ಟವರು’, ‘ಇನ್ನು ಅವಳು ನಿಮ್ಮ ಮನೆಯವಳಲ್ಲ’ ಎಂಬ ಮಾತುಗಳು ನೋಯಿಸುವುದು ಮಾತ್ರವಲ್ಲ, ಇಂಥ ಮನೆಗಳಲ್ಲಿ ತಪ್ಪು ಕೂಡ. ಇವರು ಪಾಲಿಸುವ ಅಳಿಯಸಂತಾನದ ಕಟ್ಟಿನಲ್ಲಿ ‘ಬರಿ’, ಎಂದರೆ ಕುಲ, ತಾಯಿಯಿಂದ ಮಕ್ಕಳಿಗೆ ಬರುತ್ತದೆ; ಮದುವೆಯಾದ ಮಗಳು ತನ್ನ ಬರಿಯನ್ನು ಬಿಟ್ಟು ಹೋಗುವವಳೇ ಅಲ್ಲ. ಆಸ್ತಿಯ ಮಟ್ಟಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಲೆಕ್ಕಾಚಾರವನ್ನು ಬದಲಿಸಿದ್ದರೂ ಮದುವೆ ಹಾಲ್‌ನಲ್ಲಿ ಸೋದರಮಾವನ ಸ್ಥಾನವನ್ನು ಯಾರೂ ಅಲುಗಿಸಿಲ್ಲ. ಹೊರಗಿನವರು ತಪ್ಪುವುದು ಇಲ್ಲಿಯೇ: ತಂದೆ ಇಲ್ಲದ ಕಡೆ ಪಂಚೆ ಉಟ್ಟು ಮೂಲೆಯಲ್ಲಿ ನಿಂತವರನ್ನು ಯಾರೋ ಸಂಬಂಧಿಕರೆಂದು ದಾಟಿ ಹೋಗುತ್ತಾರೆ. ಅಂದು ಧಾರೆಗೆ ಮುಂದೆ ನಿಂತಿದ್ದವರು ಆ ಮಾವನೇ. ‘ನೀವು ಮುಂದೆ ನಿಂತು ಎಲ್ಲ ಸುಸೂತ್ರವಾಗಿ ಮಾಡಿಸಿದಿರಿ’ ಎಂದು ಕೈಮುಗಿದಾಗ, ಅಷ್ಟು ಹೊತ್ತು ಗಂಟಿಕ್ಕಿದ್ದ ಅವರ ಹುಬ್ಬು ಸಡಿಲವಾಯಿತು.

ಅಕ್ಕನ ಸರದಿಯಲ್ಲಿ ನನ್ನ ಹಿಂದಿನವರು ‘ಮುಂದಿನ ಊಟ ನಿನ್ನದೇ ಅಲ್ವಾ?’ ಎಂದರು. ಅವಳು ನಕ್ಕ ಬಗೆಯಿಂದಲೇ, ಬೆಳಿಗ್ಗೆಯಿಂದ ಅದೆಷ್ಟನೆಯ ಸಲ ಇದನ್ನು ಕೇಳುತ್ತಿದ್ದಾಳೋ ಎನ್ನಿಸಿತು. ಈ ಪ್ರಶ್ನೆ ಕಷ್ಟ ಕೊಡುವುದು ತಮಾಷೆಯಾಗಿ ಬರುವುದರಿಂದ. ಗಂಭೀರವಾಗಿ ಕೇಳಿದರೆ ಗಂಭೀರವಾಗಿ ಉತ್ತರಿಸಬಹುದು, ತಮಾಷೆಗೆ ಬೇಸರಪಟ್ಟರೆ ಬೇಸರಪಟ್ಟವಳದೇ ತಪ್ಪಾಗುತ್ತದೆ. ಆ ದಿನ ಅವಳಿಗೆ ಸಲ್ಲುವ ನಿಜವಾದ ಮಾತು ಅವಳ ಕೈಯ ಕೆಲಸದ್ದು. ತಂಗಿಯ ತಲೆಯ ಮಲ್ಲಿಗೆಯ ದಂಡೆಯನ್ನು ಅವಳೇ ಸರಿಮಾಡುತ್ತಿದ್ದಳು, ಬಂದವರನ್ನು ಊಟಕ್ಕೆ ಕಳುಹಿಸುವವಳೂ ಅವಳೇ. ‘ನಿನ್ನದು ಊಟ ಆಯಿತಾ ಮಗಾ?’ ಎಂದು ಕೇಳಿದೆ. ‘ಇಲ್ಲ ಟೀಚರ್, ಕಾಫಿ ಕೂಡ ಆಗಲಿಲ್ಲ’ ಎಂದಳು.

ಮಕ್ಕಳ ಕುರಿತ ಹಾರೈಕೆಯನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ‘ಬೇಗ ಸಿಹಿ ಸುದ್ದಿ ಕೊಡಿ’ ಎಂಬುದು ಅಂದಿಗೆ ಹಗುರಾಗಿ ಕೇಳಿಸಿದರೂ, ಕಾಯುತ್ತಾ ವರ್ಷಗಳು ಕಳೆದವರಿಗೆ ಅದನ್ನು ಹೇಳಿದವರ ಮುಖವೂ ನೆನಪಿರುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಹಾಗೆಂದು ನನ್ನ ಬಳಿಯೇ ಹೇಳಿದ್ದಾಳೆ. ‘ಅಷ್ಟಪುತ್ರ ಸೌಭಾಗ್ಯವತೀ ಭವ’ ಎಂಬುದರಲ್ಲಿ ಮಗಳಿಗೆ ಜಾಗವೇ ಇಲ್ಲ. ಇದು ನಮ್ಮ ಕಾಲದ ಸೂಕ್ಷ್ಮವೆಂದು ನಾನು ತಿಳಿದಿದ್ದೆ, ಆದರೆ ಬ್ಯಾರಿ ಸಮುದಾಯದ ಸಹೋದ್ಯೋಗಿಯೊಬ್ಬರ ಮಗನ ನಿಕಾಹ್‌ಗೆ ಹೊರಟಾಗ ಬೇರೆಯೇ ವಿಷಯ ತಿಳಿಯಿತು. ಏನು ಹೇಳಬೇಕೆಂದು ಮೊದಲೇ ಕೇಳಿದ್ದಕ್ಕೆ ಅವರು ‘ಬಾರಕಲ್ಲಾಹು ಲಕ’ ಎಂದು ಆರಂಭವಾಗುವ ಪ್ರಾರ್ಥನೆಯನ್ನು ಹೇಳಿ ಅರ್ಥ ಬಿಡಿಸಿದರು: ದೇವರು ನಿನ್ನನ್ನು ಅನುಗ್ರಹಿಸಲಿ, ನಿಮ್ಮಿಬ್ಬರನ್ನೂ ಒಳಿತಿನಲ್ಲಿ ಒಂದುಗೂಡಿಸಲಿ. ಅರಬರಲ್ಲಿ ಅದಕ್ಕೂ ಮುಂಚೆ ‘ಹೊಂದಾಣಿಕೆಯೂ ಗಂಡುಮಕ್ಕಳೂ ಇರಲಿ’ ಎಂದು ಹರಸುವ ರೂಢಿಯಿತ್ತಂತೆ; ಪ್ರವಾದಿಯವರ ದೊಡ್ಡಪ್ಪನ ಮಗ ಅಕೀಲ್ ಅವರನ್ನು ಮದುವೆಯಲ್ಲಿ ಹಾಗೆ ಹರಸಿದಾಗ ಅವರು ತಡೆದು, ಹಾಗನ್ನದೆ ಪ್ರವಾದಿಯವರು ಕಲಿಸಿದ ಪ್ರಾರ್ಥನೆಯನ್ನೇ ಹೇಳಿ ಎಂದರೆಂದು ಹದೀಸಿನಲ್ಲಿದೆ. ಅರೇಬಿಕ್ ನನ್ನ ನಾಲಿಗೆಗೆ ಒಗ್ಗದು ಎಂದದ್ದಕ್ಕೆ ಅವರು, ‘ನೀವು ಕನ್ನಡದಲ್ಲೇ ಹೇಳಿ ಟೀಚರ್, ಅರ್ಥ ಅದೇ ಅಲ್ವಾ’ ಎಂದರು. ಹಾಗೆಯೇ ಹೇಳಿದೆ. ಕ್ರೈಸ್ತರ ಮನೆಗಳಲ್ಲಿ ಕೊಂಕಣಿಯ ‘ಉಲ್ಲಾಸ್’ ಎಂಬ ಒಂದೇ ಪದ ಸಾಕಾಗುತ್ತದೆ.

ಮತ್ತೆ ಆ ವೇದಿಕೆಗೆ ಬರುತ್ತೇನೆ, ಏಕೆಂದರೆ ವಧುವಿನ ತಾಯಿಯ ಎದುರು ನನಗೆ ಅಷ್ಟು ಸುಲಭವಾಗಲಿಲ್ಲ. ‘ನಿಮ್ಮ ಯಜಮಾನರು ಇರಬೇಕಿತ್ತು’ ಎಂದು ಹಲವರು ಅವರಿಗೆ ಹೇಳಿದ್ದರು, ಮತ್ತು ಹೇಳಿದಾಗಲೆಲ್ಲ ಅವರು ಸೀರೆಯ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದುದನ್ನು ಸಾಲಿನಲ್ಲಿ ನಿಂತೇ ಕಂಡಿದ್ದೆ. ಮುಂದಿನ ಅತಿಥಿ ಎದುರು ನಿಂತಿರುವಾಗ ಅಳುವುದಕ್ಕೂ ಆಗದ, ನಗುವುದಕ್ಕೂ ಆಗದ ಸ್ಥಿತಿ ಅದು. ಹಾಗಾಗಿ ಆ ಮಾತನ್ನು ಬಿಟ್ಟು ‘ಮಗಳು ಎಷ್ಟು ಸಮಾಧಾನದಲ್ಲಿದ್ದಾಳೆ ನೋಡಿ ಅಕ್ಕ’ ಎಂದಷ್ಟೇ ಹೇಳಿದೆ. ಇಳಿಯುವಾಗ ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎಂದೆ. ಅದು ಎಲ್ಲರಿಗೂ ಗೊತ್ತಿರುವುದೇ, ಆದರೂ ಊಟದ ಅವಸರದಲ್ಲಿ ತಪ್ಪುವುದುಂಟು.

ಒಂದು ವಾರದ ಬಳಿಕ ಅವರ ಮನೆಗೆ ಹೋದಾಗ ಅವರು ಹೇಳಿದ ಮಾತು ನನ್ನ ಲೆಕ್ಕವನ್ನು ಅರ್ಧ ತಪ್ಪಿಸಿತು. ‘ಇವರು ಇರಬೇಕಿತ್ತು ಅಂತ ಎಲ್ಲರೂ ಹೇಳಿದರು ಟೀಚರ್, ಆದರೆ ಇವರ ವಿಷಯ ಒಬ್ಬರೂ ಏನೂ ಹೇಳಲಿಲ್ಲ.’ ಇಲ್ಲದಿರುವುದನ್ನು ಎತ್ತಿ ಹೇಳುವುದಕ್ಕೂ ಇದ್ದವರನ್ನು ನೆನೆಯುವುದಕ್ಕೂ ಅಂತರವಿದೆ ಎಂದು ನನಗೆ ಅಂದೇ ಹೊಳೆದದ್ದು. ವೇದಿಕೆಯ ಮೇಲೆ ಸುಮ್ಮನಿದ್ದುದು ಸರಿಯೆಂದೇ ನನಗೆ ಈಗಲೂ ಅನ್ನಿಸುತ್ತದೆ, ಆದರೆ ಆ ನೆನಪನ್ನು ತಲುಪಿಸಲು ಇನ್ನೊಂದು ದಾರಿಯನ್ನು ನಾನು ಮೊದಲೇ ಹುಡುಕಬೇಕಿತ್ತು. ಮುಯ್ಯಿಯ ಲಕೋಟೆಯೊಳಗೆ ಒಂದು ಚೀಟಿ ಇಟ್ಟಿದ್ದರೂ ಸಾಕಾಗುತ್ತಿತ್ತು. ಲಕೋಟೆ ಬಿಡಿಸುವುದು ರಾತ್ರಿ, ಮನೆಯವರಷ್ಟೇ ಇರುವಾಗ. ಆ ಸಂಜೆಯೇ ಮನೆಗೆ ಬಂದು ಮದುಮಕ್ಕಳಿಗೆ ಹೀಗೆ ಬರೆದು ಕಳುಹಿಸಿದೆ:

‘ಪ್ರೀತಿಯ ಮಕ್ಕಳೇ, ನಿಮ್ಮ ಮದುವೆಗೆ ಬಂದು ತುಂಬಾ ಸಂತೋಷಪಟ್ಟೆ. ಒಂಬತ್ತನೆಯ ತರಗತಿಯಲ್ಲಿ ಮಗಳು ಭಾಷಣ ಮರೆತು ವೇದಿಕೆಯ ಮೇಲೆ ನಿಂತಾಗ, ಹಾಲ್‌ನ ಹಿಂದಿನ ಸಾಲಿನಿಂದ ಎದ್ದು ನಿಂತು ಮೊದಲು ಚಪ್ಪಾಳೆ ತಟ್ಟಿದವರು ಅವಳ ಅಪ್ಪ. ಅದನ್ನು ನಾನು ನೋಡಿದ್ದೇನೆ. ಇಬ್ಬರೂ ನೂರು ಕಾಲ ಚೆನ್ನಾಗಿರಿ.’