ಹಳೇ ಕಾರಿನ ಜಾಹೀರಾತು: ಡೆಂಟ್‌ನಿಂದಲೇ ಶುರು ಮಾಡಿ

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಮಾರುವ ಗೆಳೆಯರೊಬ್ಬರು ತಮ್ಮ ಜಾಹೀರಾತು ತೋರಿಸಿದರು. ‘ಶೋರೂಮ್ ಕಂಡೀಷನ್, ಆಕ್ಸಿಡೆಂಟ್ ಆಗಿಲ್ಲ, ಪೇಪರ್ ಎಲ್ಲಾ ಕ್ಲಿಯರ್.’ ಒಂದು ಫೋನೂ ಬಂದಿರಲಿಲ್ಲ. ಪಕ್ಕದ ಅಂಗಡಿಯವರೂ ಇದೇ ಮೂರು ಮಾತು ಹಾಕಿದ್ದರು, ಇನ್ನೇನಾಗುತ್ತೆ? ಅವರ ಹತ್ತಿರವಿದ್ದ 2017ರ ಡೀಸೆಲ್ ಸ್ವಿಫ್ಟ್ ಒಂದನ್ನು ಹಿಡಿದು ಹೊಸದಾಗಿ ಬರೆಯಲು ಕೂತೆವು.

ಮೊದಲು ಪೆನ್ನು ಬೇಡ, ಪೇಂಟ್ ದಪ್ಪ ಅಳೆಯುವ ಮೀಟರ್ ಹಿಡಿಯಿರಿ. ಕಂಪನಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಈ ಕಾರಿನ ಎಡ ಮುಂಬಾಗಿಲಲ್ಲಿ 420 ತೋರಿಸಿತು. ಅಂದರೆ ಡೆಂಟ್ ಎತ್ತಿ, ಪುಟ್ಟಿ ಹಾಕಿ, ಬಣ್ಣ ಹೊಡೆದಿದ್ದಾರೆ. (ಬಂಪರ್ ಪ್ಲಾಸ್ಟಿಕ್, ಅಲ್ಲಿ ಸಾಮಾನ್ಯ ಮೀಟರ್ ಕೆಲಸ ಮಾಡುವುದಿಲ್ಲ. ಕಣ್ಣಲ್ಲೇ ನೋಡಬೇಕು.) ಆದರೆ ಬಾನೆಟ್ ಬೋಲ್ಟ್‌ಗಳ ಮೇಲಿನ ಬಣ್ಣ ಒಡೆದಿರಲಿಲ್ಲ, ಅಂದರೆ ಬಾನೆಟ್ ಬಿಚ್ಚಿದ ಗುರುತಿಲ್ಲ. ಪಿಲ್ಲರ್‌ಗಳಲ್ಲಿ ಹೊಸ ವೆಲ್ಡಿಂಗ್ ಕಾಣಲಿಲ್ಲ.

‘ಆಕ್ಸಿಡೆಂಟ್ ಆಗಿಲ್ಲ’ ಎನ್ನಲು ನಾವೇನು ಏಳು ವರ್ಷ ಆ ಕಾರಿನ ಹಿಂದೆ ಓಡಿದ್ದೆವಾ? ಕಂಡದ್ದನ್ನಷ್ಟೇ ಬರೆದೆವು: ‘ಎಡ ಮುಂಬಾಗಿಲಿಗೆ ಪುಟ್ಟಿ ಹಾಕಿ ಬಣ್ಣ ಮಾಡಿಸಿದ್ದಾರೆ. ಪಿಲ್ಲರ್‌ಗಳಲ್ಲಿ ರಿಪೇರಿ ಗುರುತು ಕಾಣಲಿಲ್ಲ.’ ಕಾರಿನ ಕೊರತೆ ಮೊದಲೇ ಹೇಳಿದವನ ಎರಡನೇ ಮಾತನ್ನು ಗಿರಾಕಿ ಜಾಸ್ತಿ ನಂಬುತ್ತಾನೆ.

ಕಿಲೋಮೀಟರ್‌ಗೂ ಇದೇ ದಾರಿ. ‘ಮೀಟರ್ ತಿರುಗಿಸಿಲ್ಲ’ ಅಂದರೆ ಇಲ್ಲದ ಅನುಮಾನ ನಾವೇ ಹುಟ್ಟಿಸಿದ ಹಾಗೆ. ‘ಮೀಟರ್ 62,100. ಕೊನೆಯ ಸರ್ವಿಸ್ ಬಿಲ್‌ನಲ್ಲಿ 58,400’ ಎಂದು ಬರೆದು ಬಿಲ್ ಫೋಟೊ ಹಾಕಿ, ಸಾಕು.

ಪೇಪರ್ ವಿಷಯದಲ್ಲಿ ಸ್ವಲ್ಪ ನಿಧಾನ ಮಾಡಿ. ಈ ಕಾರಿನ ಸಾಲ ತೀರಿತ್ತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಇದಕ್ಕೆ ‘ಕ್ಲಿಯರ್’ ಅನ್ನುವಂತಿಲ್ಲ. ನಾವು ಬರೆದದ್ದು: ‘ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಕೈಯಲ್ಲಿವೆ. ಬ್ಯಾಂಕ್ ಹೆಸರು ತೆಗೆಸಿ, ಫಾರ್ಮ್ 29 ಮತ್ತು 30 ಹಾಕಿ ನಿಮ್ಮ ಹೆಸರಿಗೆ ಮಾಡಿಸುತ್ತೇವೆ. ಆರ್‌ಸಿ ಬರುವವರೆಗೆ 15,000 ರೂಪಾಯಿ ನಿಮ್ಮಲ್ಲೇ ಇರಲಿ.’ ಆ ಕೊನೆಯ ಸಾಲಿಗೆ ಗೆಳೆಯರು ಮುಖ ಗಂಟು ಹಾಕಿದರು. ಜಾಹೀರಾತಿನ ಜೀವ ಅದೇ ಅಂದೆ.

ಒಂದು ಎಚ್ಚರ. ‘15 ದಿನದಲ್ಲಿ ಆರ್‌ಸಿ ಗ್ಯಾರಂಟಿ’ ಅನ್ನಬೇಡಿ, ಆರ್‌ಟಿಒ ಕೆಲಸ ನಿಮ್ಮ ಕೈಯಲ್ಲಿಲ್ಲ. ಅರ್ಜಿ ಹಾಕುವ ದಿನ ಮಾತ್ರ ನಿಮ್ಮದು, ಅದನ್ನೇ ಬರೆಯಿರಿ. ಇನ್ಶೂರೆನ್ಸ್ ಹೆಸರು ಬದಲಿಗೆ 14 ದಿನದೊಳಗೆ ಅರ್ಜಿ ಕೊಡಬೇಕು, ಹಳೇ ಮಾಲೀಕರ ನೋ ಕ್ಲೈಮ್ ಬೋನಸ್ ಕಾರಿನ ಜೊತೆ ಬರುವುದಿಲ್ಲ ಎಂಬುದನ್ನೂ ಸೇರಿಸಿ. ಆಮೇಲೆ ಜಗಳ ಇರುವುದಿಲ್ಲ.

ಕೊನೆಗೆ ಕರೆಯುವ ಸಾಲು. ‘ಇಂದೇ ಭೇಟಿ ಕೊಡಿ’ ಸುಮ್ನೆ ಜಾಗ ತಿನ್ನುತ್ತದೆ. ಡೀಸೆಲ್ ಎಂಜಿನ್ನಿನ ಹೊಗೆ, ಸ್ಟಾರ್ಟಿಂಗ್ ತೊಂದರೆ ಗೊತ್ತಾಗುವುದು ಎಂಜಿನ್ ತಣ್ಣಗಿದ್ದಾಗ. ಹಾಗಾಗಿ ಹೀಗೆ ಮುಗಿಸಿದೆವು: ‘ಬೆಳಿಗ್ಗೆ ಎಂಟಕ್ಕೆ ನಿಮ್ಮ ಮೆಕ್ಯಾನಿಕ್ ಜೊತೆ ಬನ್ನಿ. ನೀವು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡುವುದಿಲ್ಲ.’